ಕೆಮ್ಮಣ್ಣುಗುಂಡಿ ಕಬ್ಬಿಣ, ಕುಂಸಿ ಮ್ಯಾಂಗನೀಸ್, ಒಂದೇ ಇದ್ದಿಲು: ಎಲ್ಲಿಂಗ್‌ಹ್ಯಾಮ್ ಚಿತ್ರ ಓದುವ ಬಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಬೀಡು ಕಬ್ಬಿಣ ಸುರಿಯಲು ಶುರು ಮಾಡಿದಾಗ ಅದರ ಊದುಕುಲುಮೆಗೆ ಹಾಕುತ್ತಿದ್ದದ್ದು ಕಲ್ಲಿದ್ದಲಿನ ಕೋಕ್ ಅಲ್ಲ. ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು. ಅದಿರು ಬರುತ್ತಿದ್ದದ್ದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಆ ಊರಿನ ಹೆಸರಲ್ಲೇ ಅದಿರಿನ ಬಣ್ಣ ಇದೆ. ಆ ಕೆಂಪು Fe₂O₃ದ್ದು.

ಶಿವಮೊಗ್ಗದಿಂದ ಸಾಗರದ ಕಡೆ ಹೋದರೆ ಕುಂಸಿ ಸಿಗುತ್ತದೆ. ಅಲ್ಲಿ ಮ್ಯಾಂಗನೀಸ್ ಅದಿರಿದೆ. ಅದೂ ಆಕ್ಸೈಡೇ. ಹಾಗಾದರೆ ಕಬ್ಬಿಣವನ್ನು ಬಿಡಿಸಿದ ಅದೇ ಇದ್ದಿಲು, ಅದೇ ಶಾಖದಲ್ಲಿ ಮ್ಯಾಂಗನೀಸನ್ನೂ ಬಿಡಿಸಬಹುದಾ? ಯಾವ ಶಾಖದಲ್ಲಿ ಯಾವ ಲೋಹ ಆಕ್ಸಿಜನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಅಂತ ಗೆರೆಗಳಲ್ಲಿ ತೋರಿಸುವ ಗ್ರಾಫೇ ಎಲ್ಲಿಂಗ್‌ಹ್ಯಾಮ್ ಚಿತ್ರ. ಅದನ್ನು ಓದಲು ಕಲಿಯೋದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಪ್ರಶ್ನೆ ಇದು. ಗೆರೆಗಳು ಎಲ್ಲಿ ದಾಟುತ್ತವೆ ಅಂತ ನೋಡಿ ಸುಮ್ಮನಾದರೆ ಇದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಎರಡು ಗೆರೆಗಳ ನಡುವಿನ ದೂರ ಎಷ್ಟು ಅಂತ ಓದಿದಾಗಲೇ ಉಳಿದರ್ಧ ಸಿಗೋದು.

ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಳ್ಳಿ. ಅಚ್ಚಾದ ಚಿತ್ರ ನೋಡುವುದಕ್ಕಿಂತ ನಾಲ್ಕು ಗೆರೆ ಕೈಯಾರೆ ಎಳೆಯೋಣ.

ಗೆರೆ ಎಳೆಯುವ ಮೊದಲು

ಹೆರಾಲ್ಡ್ ಎಲ್ಲಿಂಗ್‌ಹ್ಯಾಮ್ 1944ರಲ್ಲಿ ಪ್ರಕಟಿಸಿದ ಈ ಚಿತ್ರದ ಜಾಣತನ ಒಂದೇ ಕರಾರಿನಲ್ಲಿದೆ. ಎಲ್ಲ ಲೋಹಗಳನ್ನೂ ಒಂದೇ ಅಳತೆಯ ಆಕ್ಸಿಜನ್ ಜೊತೆ ಹೋಲಿಸಬೇಕು. ಆ ಅಳತೆ ಒಂದು ಮೋಲ್ O₂. ಹಾಗಾಗಿ ಸಮೀಕರಣಗಳು ಹೀಗಿರುತ್ತವೆ:

```
2Fe + O2 -> 2FeO     dG = -527.4 + 0.1287 T
2Mn + O2 -> 2MnO     dG = -769.4 + 0.1456 T
2C  + O2 -> 2CO      dG = -223.4 - 0.1753 T
2CO + O2 -> 2CO2     dG = -564.8 + 0.1736 T
```

ಇಲ್ಲಿ dG ಅಂದರೆ ಗಿಬ್ಸ್ ಮುಕ್ತ ಶಕ್ತಿಯ ಬದಲಾವಣೆ, ಕಿಲೋಜೂಲ್‌ಗಳಲ್ಲಿ. ಅದು ಸೊನ್ನೆಗಿಂತ ಕೆಳಗೆ ಹೋದಷ್ಟೂ ಆಕ್ಸಿಜನ್ ಮೇಲಿನ ಹಿಡಿತ ಗಟ್ಟಿ. T ಕೆಲ್ವಿನ್‌ನಲ್ಲಿ. ಇವು ನಿಜವಾದ ವಕ್ರರೇಖೆಗಳಿಗೆ ಹತ್ತಿರವಾಗಿ ಕೂರುವ ನೇರ ಗೆರೆಗಳು. ಬೇರೆ ಬೇರೆ ಪುಸ್ತಕಗಳಲ್ಲಿ ಅಂಕಿಗಳು ಸ್ವಲ್ಪ ಆಚೀಚೆ ಇರುತ್ತವೆ. ದಾಟುವ ಉಷ್ಣಾಂಶದಲ್ಲಿ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಬಂದರೆ ಗಾಬರಿ ಬೇಡ.

ಅತಿ ಹೆಚ್ಚು ತಪ್ಪುಗಳು ಆಗೋದು ಇಲ್ಲೇ. ಒಂದು ಪುಸ್ತಕ `Fe + ½O₂` ಅಂತ ಕೊಟ್ಟಿರುತ್ತದೆ. ಇನ್ನೊಂದು `2C + O₂` ಅಂತ ಕೊಟ್ಟಿರುತ್ತದೆ. ಎರಡನ್ನೂ ಹಾಗೇ ಒಂದೇ ಹಾಳೆಗೆ ತಂದರೆ ಒಂದು ಗೆರೆ ಅರ್ಧ ಎತ್ತರದಲ್ಲಿ ಕೂರುತ್ತದೆ. ನಾನು ಓದುವಾಗ ಹೀಗೆ ಮಾಡಿ, ಇದ್ದಿಲು ಕೋಣೆಯ ಶಾಖದಲ್ಲೇ ಕಬ್ಬಿಣ ಬಿಡಿಸುತ್ತದೆ ಅನ್ನುವ ಉತ್ತರ ತಂದಿದ್ದೆ. ಮೊದಲು O₂ ಮುಂದೆ 1 ಇದೆಯಾ ನೋಡಿ. ಇಲ್ಲದಿದ್ದರೆ ಇಡೀ ಸಮೀಕರಣವನ್ನೂ dG ಅಂಕಿಯನ್ನೂ ಅದಕ್ಕೆ ಬೇಕಾದಷ್ಟು ಗುಣಿಸಿ.

ಇನ್ನೊಂದು ಮಾತು. ಹಲವು ಆಕ್ಸೈಡುಗಳಿರುವ ಲೋಹಕ್ಕೆ ಕೊನೆಯದನ್ನು ಆರಿಸಿ. Fe₂O₃ ಮೊದಲು Fe₃O₄ ಆಗುತ್ತದೆ, ಆಮೇಲೆ FeO, ಕೊನೆಗೆ Fe. ಕುಂಸಿಯಂಥ ಅದಿರಿನ MnO₂ ಸುಮ್ನೆ ಕಾಯಿಸಿದರೂ ಸ್ವಲ್ಪ ಆಕ್ಸಿಜನ್ ಬಿಡುತ್ತದೆ. ಕಷ್ಟ ಇರೋದು ಕೊನೆಯ ಮೆಟ್ಟಿಲಲ್ಲಿ, ಅಂದರೆ FeO ಮತ್ತು MnO ಹತ್ತಿರ. ಅದಕ್ಕೇ ಮೇಲೆ ಅವೆರಡನ್ನೇ ತೆಗೆದುಕೊಂಡಿದ್ದೇನೆ.

ನಾಲ್ಕು ಗೆರೆ ಎಳೆಯೋಣ

ಅಡ್ಡ ಅಕ್ಷದಲ್ಲಿ 0ರಿಂದ 1800 ಕೆಲ್ವಿನ್. ಲಂಬ ಅಕ್ಷದಲ್ಲಿ ಮೇಲೆ 0, ಕೆಳಗೆ −800 ಕಿಲೋಜೂಲ್. ನೇರ ಗೆರೆಗೆ ಎರಡು ಚುಕ್ಕಿ ಸಾಕು. 600 ಮತ್ತು 1600 ಕೆಲ್ವಿನ್ ತೆಗೆದುಕೊಳ್ಳಿ.

| ಗೆರೆ | 600 ಕೆಲ್ವಿನ್ | 1600 ಕೆಲ್ವಿನ್ |
|---|---|---|
| FeO | −450 | −321 |
| MnO | −682 | −536 |
| C → CO | −329 | −504 |
| CO → CO₂ | −461 | −287 |

ಚುಕ್ಕಿ ಸೇರಿಸಿ, ಗೆರೆಗಳನ್ನು ಎರಡೂ ಕಡೆ ಹಿಗ್ಗಿಸಿ. ಒಂದು ಗೆರೆ ಮಾತ್ರ ಎಡದಿಂದ ಬಲಕ್ಕೆ ಕೆಳಗಿಳಿಯುತ್ತದೆ, ಅಲ್ವಾ? ಅದು ಇದ್ದಿಲಿನ ಗೆರೆ. ಉಳಿದವು ಹತ್ತುತ್ತವೆ.

ಕಾರಣ ಅನಿಲಗಳ ಲೆಕ್ಕದಲ್ಲಿದೆ. ಕಬ್ಬಿಣ ಆಕ್ಸಿಜನ್ ಹಿಡಿದರೆ ಒಂದು ಮೋಲ್ ಅನಿಲ ಮಾಯವಾಗಿ ಘನ ಉಳಿಯುತ್ತದೆ. ಎಂಟ್ರೊಪಿ ಇಳಿಯುತ್ತದೆ, ಗೆರೆ ಮೇಲಕ್ಕೆ ಹೋಗುತ್ತದೆ. ಇದ್ದಿಲು ಆಕ್ಸಿಜನ್ ಹಿಡಿದರೆ ಒಂದು ಮೋಲ್ ಅನಿಲದ ಜಾಗದಲ್ಲಿ ಎರಡು ಮೋಲ್ ಬರುತ್ತದೆ. ಎಂಟ್ರೊಪಿ ಏರುತ್ತದೆ, ಗೆರೆ ಇಳಿಯುತ್ತದೆ. ಹಾಗಾಗಿ ಶಾಖ ಏರಿದಷ್ಟೂ ಇದ್ದಿಲು ಬಲವಾದ ಅಪಕರ್ಷಕ ಆಗುತ್ತದೆ, ಅಂದರೆ ಬೇರೆ ಆಕ್ಸೈಡಿನ ಆಕ್ಸಿಜನ್ ಕಿತ್ತುಕೊಳ್ಳುವ ಬಲ ಹೆಚ್ಚುತ್ತದೆ. ಲೋಹಗಳ ಗೆರೆಗಳಲ್ಲಿ ಅಲ್ಲಲ್ಲಿ ಮುರಿತ ಕಂಡರೆ, ಅದು ಕರಗುವ ಅಥವಾ ಕುದಿಯುವ ಜಾಗ. ಮ್ಯಾಂಗನೀಸ್ 1246 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಾಗ ಗೆರೆ ಸ್ವಲ್ಪವೇ ತಿರುಗುತ್ತದೆ. ನಮ್ಮ ಲೆಕ್ಕಕ್ಕೆ ಅದನ್ನು ಬಿಡಬಹುದು.

ಮೊದಲ ಓದು: ಎಲ್ಲಿ ದಾಟುತ್ತದೆ

ನಿಯಮ ಇಷ್ಟೇ. ಒಂದು ಉಷ್ಣಾಂಶದಲ್ಲಿ ಕೆಳಗಿರುವ ಗೆರೆಯವರು ಮೇಲಿರುವ ಗೆರೆಯವರ ಆಕ್ಸಿಜನ್ ಕಿತ್ತುಕೊಳ್ಳುತ್ತಾರೆ.

ಇದ್ದಿಲಿನ ಗೆರೆ FeO ಗೆರೆಯನ್ನು ದಾಟೋದು ಎಲ್ಲಿ? ಎರಡು ಸಮೀಕರಣ ಸಮ ಮಾಡಿ: 304.0 = 0.3040 T. ಅಂದರೆ 1000 ಕೆಲ್ವಿನ್, 727 ಡಿಗ್ರಿ ಸೆಲ್ಸಿಯಸ್. ಊರಿನ ಕಮ್ಮಾರರ ಕುಲುಮೆಯಲ್ಲಿ ಕತ್ತಿ ಮಂದ ಕೆಂಪಗೆ ಆಗುವ ಶಾಖ ಅದು. ಮಲೆನಾಡಿನ ಇದ್ದಿಲು, ಒಂದು ತಿದಿ, ಇಷ್ಟಿದ್ದರೆ ಅಲ್ಲಿಗೆ ಮುಟ್ಟಬಹುದು.

MnO ಗೆರೆಗೆ: 546.0 = 0.3209 T. ಸುಮಾರು 1700 ಕೆಲ್ವಿನ್, 1430 ಡಿಗ್ರಿ ಸೆಲ್ಸಿಯಸ್ ಹತ್ತಿರ. ಇಲ್ಲಿ ಎಲ್ಲವೂ ಬೆಳ್ಳಗೆ ಹೊಳೆಯುತ್ತದೆ. ತಿದಿಯ ಗಾಳಿ ಸಾಲದು. ಕಾಯಿಸಿದ ಗಾಳಿ ಊದುವ ಕುಲುಮೆ ಇಲ್ಲವೇ ವಿದ್ಯುತ್ ಕುಲುಮೆ ಬೇಕು.

ಬಹಳ ಜನ ಇಲ್ಲಿಗೆ ಓದು ನಿಲ್ಲಿಸುತ್ತಾರೆ. ನಾವು ಈಗ ನಾಲ್ಕನೇ ಗೆರೆಗೆ ಬರೋಣ. ನಿಜವಾದ ಕುಲುಮೆಯ ಕಥೆ ಅಲ್ಲಿದೆ.

ಎರಡನೇ ಓದು: ಎಷ್ಟು ದೂರ ಇದೆ

1000 ಕೆಲ್ವಿನ್‌ನಲ್ಲಿ ನಿಂತು ನೋಡಿ. CO → CO₂ ಗೆರೆ −391ರಲ್ಲಿದೆ. FeO ಗೆರೆ −399ರಲ್ಲಿದೆ. ಅಂದರೆ CO ಮೇಲಿದೆ. ನಿಯಮದ ಪ್ರಕಾರ CO ಇಲ್ಲಿ FeOಯನ್ನು ಅಪಕರ್ಷಿಸಬಾರದು. 833 ಕೆಲ್ವಿನ್ ದಾಟಿದ ಮೇಲೆ ಅದು ಯಾವಾಗಲೂ ಮೇಲೇ ಇರುತ್ತದೆ. ಆದರೆ ಊದುಕುಲುಮೆಯ ಮೇಲ್ಭಾಗದಲ್ಲಿ ಕಬ್ಬಿಣ ಬಿಡಿಸುವ ಕೆಲಸದ ದೊಡ್ಡ ಪಾಲು ಮಾಡೋದು CO ಅನಿಲವೇ. ಘನ ಇದ್ದಿಲು ಮತ್ತು ಘನ ಅದಿರು ಒಂದೆರಡು ಕಡೆ ಮಾತ್ರ ತಾಗಿಕೊಂಡಿರುತ್ತವೆ. ಅನಿಲವಾದರೆ ಅದಿರಿನ ರಂಧ್ರಗಳ ಒಳಗೆಲ್ಲ ಹೋಗುತ್ತದೆ.

ಚಿತ್ರ ಸುಳ್ಳು ಹೇಳಿತಾ? ಇಲ್ಲ. ಗೆರೆ ಎಳೆದಿರೋದು CO ಮತ್ತು CO₂ ಎರಡೂ ಸಮ ಒತ್ತಡದಲ್ಲಿ ಇರುವಾಗ ಅಂತ. ಕುಲುಮೆಯಲ್ಲಿ ಅವು ಸಮ ಇರಬೇಕಾಗಿಲ್ಲ. CO ಜಾಸ್ತಿ ಇದ್ದರೆ ಗೆರೆ ಕೆಳಗೆ ಬಾಗುತ್ತದೆ. ಎಷ್ಟು ಜಾಸ್ತಿ ಬೇಕು ಅನ್ನೋದನ್ನು ಗೆರೆಗಳ ನಡುವಿನ ದೂರ ಹೇಳುತ್ತದೆ.

ಲೆಕ್ಕ ಮಾಡೋಣ. ದೂರ 7.5 ಕಿಲೋಜೂಲ್. ಇದು ಎರಡು ಮೋಲ್ COಗೆ. ಒಂದು ಮೋಲ್‌ಗೆ 3.75. ಈಗ `FeO + CO → Fe + CO₂` ಕ್ರಿಯೆಯ ಸಮತೋಲನ ಸ್ಥಿರಾಂಕ:

```
K = exp(-3750 / (8.314 x 1000)) = 0.64
```

ಅಂದರೆ CO₂ ಭಾಗಿಸು CO 0.64 ಆಗುವವರೆಗೆ ಕ್ರಿಯೆ ಮುಂದೆ ಹೋಗುತ್ತದೆ. ಇವೆರಡು ಅನಿಲಗಳ ಮಿಶ್ರಣದಲ್ಲಿ CO 61 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಸಾಕು. ಇದ್ದಿಲಿನ ರಾಶಿಯ ನಡುವೆ, ಇದೇ ಶಾಖದಲ್ಲಿ, ಒಟ್ಟು ಒತ್ತಡ ಒಂದು ವಾಯುಭಾರ ಇದ್ದಾಗ, `C + CO₂ → 2CO` ಕ್ರಿಯೆ ಸುಮಾರು 69 ಪರ್ಸೆಂಟ್ CO ಕೊಡುತ್ತದೆ. 61 ಬೇಕು, 69 ಇದೆ. ಕೆಲಸ ನಡೆಯುತ್ತದೆ, ಆದರೆ ಅಂಚಿನಲ್ಲಿ. 900 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಇದೇ ಲೆಕ್ಕ ಮಾಡಿದರೆ ಬೇಕಾದದ್ದು 69, ಸಿಗುವುದು ಸುಮಾರು 97. ಈಗ ಧಾರಾಳ. ಚಿತ್ರದಲ್ಲಿ 727 ಅಂತ ಬಂದರೂ ಕೆಲಸ ಚುರುಕಾಗಿ ನಡೆಯಲು ಇನ್ನೂ ಕಾಯಿಸಬೇಕಾದ್ದಕ್ಕೆ ಇದೂ ಒಂದು ಕಾರಣ. ಇದ್ದಿಲು ರಂಧ್ರಗಳಿಂದ ತುಂಬಿರುವುದರಿಂದ CO₂ ಜೊತೆ ಕೋಕ್‌ಗಿಂತ ಬೇಗ ಸೇರುತ್ತದೆ. ಆದರೆ ಅದು ವೇಗದ ವಿಷಯ. ಚಿತ್ರದಲ್ಲಿ ಎಲ್ಲೂ ಕಾಣದು.

ಇದೇ ಅಂಕಿ ಇನ್ನೊಂದನ್ನೂ ಹೇಳುತ್ತದೆ. FeO ಜೊತೆಗಿನ ಅನಿಲದಲ್ಲಿ CO ಪೂರ್ತಿ ಮುಗಿಯಲು ಸಾಧ್ಯವೇ ಇಲ್ಲ. 19ನೇ ಶತಮಾನದಲ್ಲಿ ಕುಲುಮೆಯ ಬಾಯಿಂದ ಅಷ್ಟೊಂದು CO ಹೊರಹೋಗುವುದು ನೋಡಿ, ಅದಿರಿನ ಜೊತೆ ಸಾಕಷ್ಟು ಹೊತ್ತು ತಾಗಿಲ್ಲ ಅಂದುಕೊಂಡು ಇಂಗ್ಲೆಂಡಿನಲ್ಲಿ ಕುಲುಮೆಗಳನ್ನು ಎತ್ತರ ಮಾಡಿದರು. CO ಕಡಿಮೆ ಆಗಲಿಲ್ಲ. ಈ ಖರ್ಚಿನ ಕಥೆಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆ ಬರೆದಿಟ್ಟಿದ್ದಾನೆ.

ಈಗ ಅದೇ 1000 ಕೆಲ್ವಿನ್‌ನಲ್ಲಿ MnO. ಗೆರೆ −624ರಲ್ಲಿದೆ. CO −391ರಲ್ಲಿ. ದೂರ 233 ಕಿಲೋಜೂಲ್, ಒಂದು ಮೋಲ್ COಗೆ ಸುಮಾರು 116. K ಬರುವುದು 0.00000084. ಅಂದರೆ ಒಂದು ಪಾಲು CO₂ಗೆ ಹತ್ತಿರ ಹತ್ತಿರ 12 ಲಕ್ಷ ಪಾಲು CO ಬೇಕು. ಇಂಥ ಅನಿಲ ಯಾವ ಕುಲುಮೆಯಲ್ಲೂ ಸಿಗದು. ಒಂದು ಚಿಟಿಕೆ ಮ್ಯಾಂಗನೀಸ್ ಹುಟ್ಟುತ್ತಲೇ ಬರುವ CO₂ ಸಾಕು, ಕ್ರಿಯೆ ನಿಂತುಬಿಡುತ್ತದೆ.

ಶುರುವಿನ ಪ್ರಶ್ನೆಗೆ ಪೂರ್ತಿ ಉತ್ತರ ಇದು. ಕಬ್ಬಿಣವನ್ನು ಇದ್ದಿಲಿನ ಹೊಗೆಯೇ ಬಿಡಿಸುತ್ತದೆ. ಕುಲುಮೆಯ ಮೇಲ್ಭಾಗದಲ್ಲೇ ಕೆಲಸ ಶುರುವಾಗುತ್ತದೆ. MnO ಮಾತ್ರ ಮುಟ್ಟದೆ ಕೆಳಗಿನವರೆಗೆ ಇಳಿಯುತ್ತದೆ. ಅಲ್ಲಿ ಅತಿ ಬಿಸಿಯ ಜಾಗದಲ್ಲಿ ಘನ ಇಂಗಾಲವೇ ಅದನ್ನು ನೇರವಾಗಿ ಬಿಡಿಸಬೇಕು. ಆ ಕ್ರಿಯೆ ಶಾಖವನ್ನು ಹೀರುತ್ತದೆ. ಹಾಗಾಗಿ ಮ್ಯಾಂಗನೀಸಿಗೆ ಟನ್ನಿಗೆ ಬೇಕಾಗುವ ಇಂಧನ ಅಥವಾ ಕರೆಂಟು ಕಬ್ಬಿಣಕ್ಕಿಂತ ಬಹಳ ಜಾಸ್ತಿ.

ಲೆಕ್ಕ ಬೇಡ, ಸ್ಕೇಲು ಸಾಕು ಅನ್ನುವವರಿಗೆ

ರಿಚರ್ಡ್‌ಸನ್ ಮತ್ತು ಜೆಫ್ಸ್ 1948ರಲ್ಲಿ ಚಿತ್ರದ ಅಂಚಿಗೆ ಇನ್ನೊಂದು ಅಳತೆಪಟ್ಟಿ ಸೇರಿಸಿದರು. ಅಚ್ಚಾದ ಚಿತ್ರದ ಎಡ ಅಂಚಿನಲ್ಲಿ O, H, C ಅಂತ ಮೂರು ಗುರುತು ಇರುತ್ತವೆ. C ಗುರುತು ಇರೋದು CO → CO₂ ಗೆರೆ ಸೊನ್ನೆ ಕೆಲ್ವಿನ್‌ಗೆ ಮುಟ್ಟುವ ಜಾಗದಲ್ಲಿ, ನಮ್ಮ ಹಾಳೆಯಲ್ಲಿ −565ರ ಹತ್ತಿರ. ಸ್ಕೇಲಿನ ಒಂದು ತುದಿ C ಮೇಲೆ ಇಡಿ. ಆಕ್ಸೈಡ್ ಗೆರೆಯ ಮೇಲೆ ನಿಮಗೆ ಬೇಕಾದ ಉಷ್ಣಾಂಶದ ಚುಕ್ಕಿಗೆ ತಾಗಿಸಿ. ಅದೇ ನೇರದಲ್ಲಿ ಬಲ ಅಂಚಿನ CO/CO₂ ಪಟ್ಟಿಯನ್ನು ಓದಿ. FeOಗೆ 1000 ಕೆಲ್ವಿನ್‌ನಲ್ಲಿ 1ಕ್ಕಿಂತ ಸ್ವಲ್ಪ ಮೇಲೆ, ಒಂದೂವರೆ ಹತ್ತಿರ ಬರಬೇಕು. MnOಗೆ ಹತ್ತು ಲಕ್ಷದ ಗುರುತಿನ ಹತ್ತಿರ ಬರಬೇಕು.

ತಪ್ಪು ಬಂದರೆ ಎಡ ಅಂಚನ್ನು ನೋಡಿ. ಸೆಲ್ಸಿಯಸ್ ಚಿತ್ರಗಳಲ್ಲಿ 0 ಡಿಗ್ರಿ ಗೆರೆಯ ಮೇಲೆ C ಇಟ್ಟುಕೊಂಡುಬಿಡುತ್ತಾರೆ. ಅದು −273 ಡಿಗ್ರಿಯ ಗೆರೆಯ ಮೇಲೆ ಇರಬೇಕು. ಅಚ್ಚಾದ ಚಿತ್ರಗಳಲ್ಲಿ ಅದಕ್ಕೆಂದೇ ಎಡಕ್ಕೆ ಬೇರೆ ಒಂದು ಲಂಬ ಗೆರೆ ಬಿಟ್ಟಿರುತ್ತಾರೆ.

ಚಿತ್ರ ಹೇಳಿದ್ದಕ್ಕಿಂತ ಮೊದಲೇ ಮ್ಯಾಂಗನೀಸ್ ಬಂದರೆ

ಬೀಡು ಕಬ್ಬಿಣದಲ್ಲಿ ಸ್ವಲ್ಪ ಮ್ಯಾಂಗನೀಸ್ ಇದ್ದೇ ಇರುತ್ತದೆ. ಅದು 1430 ಡಿಗ್ರಿಗಿಂತ ಕಡಿಮೆ ಶಾಖದಲ್ಲೂ ಸೇರಿಕೊಳ್ಳುತ್ತದೆ. ಕಾರಣ, ಗೆರೆ ಎಳೆದಿರೋದು ಶುದ್ಧ ಮ್ಯಾಂಗನೀಸಿಗೆ. ಕುಲುಮೆಯಲ್ಲಿ ಅದು ಹುಟ್ಟಿದ ಕೂಡಲೇ ಕರಗಿದ ಕಬ್ಬಿಣದಲ್ಲಿ ಬೆರೆತುಹೋಗುತ್ತದೆ. ಬೆರೆತ ಮೇಲೆ ಅದು ಆಕ್ಸಿಜನ್ ಹಿಡಿಯಲು ಹಿಂದಿನಷ್ಟು ಚುರುಕಾಗಿರುವುದಿಲ್ಲ. ಇದನ್ನು ಕ್ರಿಯಾಶೀಲತೆ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಶುದ್ಧಕ್ಕೆ 1. ಹತ್ತು ಪರಮಾಣುಗಳಲ್ಲಿ ಒಂದು ಮ್ಯಾಂಗನೀಸ್ ಇದ್ದರೆ ಅಂದಾಜಿಗೆ 0.1 ಅಂತ ಇಟ್ಟುಕೊಳ್ಳಬಹುದು.

ಹಾಗೆ ಇಟ್ಟುಕೊಂಡರೆ MnO ಗೆರೆಯ ಓರೆ ಜಾಸ್ತಿ ಆಗುತ್ತದೆ. 0.1456ರ ಜಾಗದಲ್ಲಿ 0.1839. ದಾಟುವ ಜಾಗ 1700ರಿಂದ 1520 ಕೆಲ್ವಿನ್‌ಗೆ ಇಳಿಯುತ್ತದೆ. ಸುಮಾರು 180 ಡಿಗ್ರಿ ಉಳಿತಾಯ. ಶುದ್ಧ ಮ್ಯಾಂಗನೀಸ್ ಮಾಡೋದು ಬಿಟ್ಟು ಕಬ್ಬಿಣ ಬೆರೆತ ಫೆರೊ ಮ್ಯಾಂಗನೀಸ್ ಮಾಡೋದು ಯಾಕೆ ಸುಲಭ ಅಂತ ಈಗ ಗೊತ್ತಾಯಿತಲ್ಲ. ಸಿಲಿಕಾನ್ ಕೂಡ ಹಾಗೆಯೇ. ಶುದ್ಧ ಸಿಲಿಕಾನ್‌ಗೆ ಇದ್ದಿಲಿನ ಗೆರೆ ದಾಟೋದು 1650 ಡಿಗ್ರಿ ಆಚೆ, ಕಬ್ಬಿಣ ಜೊತೆಗಿದ್ದರೆ ಅದಕ್ಕಿಂತ ಕೆಳಗೆ.

ಇದರ ಉಲ್ಟಾ ಕಥೆ ಕಿಟ್ಟದಲ್ಲಿದೆ. ಆಕ್ಸೈಡ್ ಕಿಟ್ಟದಲ್ಲಿ ಕರಗಿ ಸಿಲಿಕಾ ಜೊತೆ ಕಟ್ಟಿಕೊಂಡರೆ ಅದರ ಗೆರೆ ಕೆಳಗೆ ಹೋಗುತ್ತದೆ, ಬಿಡಿಸೋದು ಕಷ್ಟ ಆಗುತ್ತದೆ. ಸುಣ್ಣಕಲ್ಲು ಹಾಕಿದರೆ ಸಿಲಿಕಾ ಸುಣ್ಣದ ಜೊತೆ ಹೋಗುತ್ತದೆ, MnO ಬಿಡುಗಡೆಯಾಗುತ್ತದೆ. ಕಬ್ಬಿಣಕ್ಕೂ ಇದು ಅನ್ವಯಿಸುತ್ತದೆ. ಹಳೆಯ ಕಬ್ಬಿಣದ ಕುಲುಮೆಗಳ ಜಾಗದಲ್ಲಿ ಸಿಗುವ ಕಪ್ಪು ಕಿಟ್ಟವನ್ನು ಕೈಯಲ್ಲಿ ತೂಗಿ ನೋಡಿ. ಅದು ಅಷ್ಟು ಭಾರ ಇರೋದು ಒಳಗೆ FeO ಉಳಿದಿರುವುದರಿಂದ. ಸಿಲಿಕಾ ಅದನ್ನು ಹಿಡಿದಿಟ್ಟುಕೊಂಡಿತ್ತು.

ಹಾಗಾದರೆ ಯಾವ ಅಪಕರ್ಷಕ?

ಈಗ ಆಯ್ಕೆ. MnO ಗೆರೆಯ ಕೆಳಗೆ ಯಾರ್ಯಾರಿದ್ದಾರೆ? 1000 ಕೆಲ್ವಿನ್‌ನಲ್ಲಿ SiO₂ ಗೆರೆ −732ರ ಹತ್ತಿರ, Al₂O₃ ಗೆರೆ −907ರ ಹತ್ತಿರ. MnO −624. ಎರಡೂ ಕೆಳಗಿವೆ. ಕುಲುಮೆಯ ಇಡೀ ಉಷ್ಣಾಂಶದಲ್ಲಿ ಕೆಳಗೇ ಇರುತ್ತವೆ. ದಾಟುವ ಪ್ರಶ್ನೆಯೇ ಇಲ್ಲ.

ಅಲ್ಯೂಮಿನಿಯಂನ ದೂರ 283 ಕಿಲೋಜೂಲ್. ಇಷ್ಟು ದೊಡ್ಡ ದೂರ ಅಂದರೆ ಒಮ್ಮೆ ಹೊತ್ತಿಸಿದರೆ ಅದರದೇ ಶಾಖ ಬಹಳಷ್ಟು ಕೆಲಸ ನಡೆಸುತ್ತದೆ ಅಂತ ಅಂದಾಜು ಮಾಡಬಹುದು. ಆದರೆ ಎಚ್ಚರ. ಅದಿರಿನ MnO₂ ಗೆರೆ MnOಗಿಂತ ಬಹಳ ಮೇಲಿದೆ, ದೂರ ಇನ್ನೂ ದೊಡ್ಡದು. ಅಲ್ಯೂಮಿನಿಯಂ ಪುಡಿ ಜೊತೆ ಅದು ಸಿಡಿಯುವಷ್ಟು ಜೋರಾಗಿ ಉರಿಯುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಮೊದಲು ಅದಿರನ್ನು ಹುರಿದು Mn₃O₄ ಮಾಡಿಕೊಳ್ಳುತ್ತಾರೆ. ಶಾಲೆ ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಬೇಡಿ. ಹಾಳೆಯ ಮೇಲಿನ ಲೆಕ್ಕ ಸಾಕು.

ಇದ್ದಿಲು ಅಥವಾ ಕೋಕ್ ಅಗ್ಗ. ಉಕ್ಕಿನ ಕಾರ್ಖಾನೆಗೆ ಮಾರುವ ಫೆರೊ ಮ್ಯಾಂಗನೀಸಿಗೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಚಿತ್ರ ಹೇಳದ ಒಂದು ಬೆಲೆ ಇದೆ. ಮ್ಯಾಂಗನೀಸ್ ಇಂಗಾಲವನ್ನು ಇಷ್ಟಪಟ್ಟು ಹಿಡಿಯುತ್ತದೆ, ಕಾರ್ಬೈಡ್ ಆಗುತ್ತದೆ. ಹೀಗೆ ಮಾಡಿದ ಫೆರೊ ಮ್ಯಾಂಗನೀಸಿನಲ್ಲಿ 6ರಿಂದ 8 ಪರ್ಸೆಂಟ್ ಇಂಗಾಲ ಕೂತಿರುತ್ತದೆ. ಆಕ್ಸೈಡುಗಳ ಗೆರೆಗಳಷ್ಟೇ ಇರುವ ಹಾಳೆಯಲ್ಲಿ ಕಾರ್ಬೈಡ್ ಕಾಣುವುದಿಲ್ಲ. ಅಲ್ಯೂಮಿನಾವನ್ನು ಇದ್ದಿಲಿನಿಂದ ಬಿಡಿಸಲು ಹೊರಟವರಿಗೂ ಇದೇ ತೊಂದರೆ. ಗೆರೆ ದಾಟೋದು 2000 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅಲ್ಲಿ ಸಿಗುವುದು ಲೋಹಕ್ಕಿಂತ ಕಾರ್ಬೈಡೇ ಜಾಸ್ತಿ.

ಇಂಗಾಲ ಕಡಿಮೆ ಇರಲೇಬೇಕು ಅಂದರೆ ನಾನು ಸಿಲಿಕಾನ್ ಕಡೆ ವಾಲುತ್ತೇನೆ. ದೂರ 108 ಕಿಲೋಜೂಲ್, ಅಲ್ಯೂಮಿನಿಯಂಗಿಂತ ಕಡಿಮೆ, ಹಾಗಾಗಿ ಹೊರಗಿನ ಶಾಖ ಕೊಡಬೇಕು. ಹುಟ್ಟುವ SiO₂ ಅನ್ನು ಸುಣ್ಣ ಕಟ್ಟಿಹಾಕುವುದರಿಂದ ಸಿಲಿಕಾನ್ ಗೆರೆ ಇನ್ನೂ ಕೆಳಗಿಳಿದು ದೂರ ಹೆಚ್ಚುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ಶುದ್ಧ ಸಿಲಿಕಾನ್ ಬದಲು ಸಿಲಿಕೊ ಮ್ಯಾಂಗನೀಸನ್ನೇ ಬಳಸುತ್ತಾರೆ. ಮ್ಯಾಂಗನೀಸ್ ಹೇಗೂ ಬೇಕಾದದ್ದೇ, ಸಿಲಿಕಾನ್ ಉರಿದು ಕಿಟ್ಟಕ್ಕೆ ಹೋಗುತ್ತದೆ.

ಅಲ್ಯೂಮಿನಿಯಂ ಉಳಿಯುವುದು ಇಂಗಾಲವೂ ಬೇಡ, ಸಿಲಿಕಾನೂ ಬೇಡ ಅನ್ನುವವರಿಗೆ. ಚಿತ್ರದಲ್ಲಿ ಅದು ಎಲ್ಲರಿಗಿಂತ ಕೆಳಗಿದೆ ಅಂತ ಅದನ್ನೇ ಆರಿಸಬೇಕಾಗಿಲ್ಲ. ಅಷ್ಟು ಕೆಳಗಿರುವ ಲೋಹವನ್ನು ಅದರ ಆಕ್ಸೈಡಿನಿಂದ ಬಿಡಿಸಲು ಮೊದಲೇ ಯಾರೋ ಅಷ್ಟು ಕರೆಂಟು ಖರ್ಚು ಮಾಡಿರುತ್ತಾರೆ. ಆ ಖರ್ಚು ಅಲ್ಯೂಮಿನಿಯಂ ಪುಡಿಯ ಬೆಲೆಯಲ್ಲಿ ಸೇರಿರುತ್ತದೆ.

ನಿಮ್ಮ ಹಾಳೆಯಲ್ಲಿ ಈ ಎರಡು ಗೆರೆಗಳನ್ನೂ ಸೇರಿಸಬೇಕಾದರೆ ಅಂಕಿಗಳು ಇಲ್ಲಿವೆ. ಲಂಬ ಅಕ್ಷವನ್ನು −1100ರವರೆಗೆ ಇಳಿಸಿಕೊಳ್ಳಿ. ಸಿಲಿಕಾನ್ ಗೆರೆ ಘನ ಸಿಲಿಕಾನ್‌ಗೆ, 1685 ಕೆಲ್ವಿನ್‌ವರೆಗೆ ಮಾತ್ರ. ಅಲ್ಯೂಮಿನಿಯಂ ಗೆರೆ ಕರಗಿದ ಅಲ್ಯೂಮಿನಿಯಂಗೆ, ಹಾಗಾಗಿ ಅದನ್ನು 933 ಕೆಲ್ವಿನ್‌ನಿಂದ ಬಲಕ್ಕೆ ಎಳೆಯಿರಿ.

```
Si + O2 -> SiO2             dG = -907.1  + 0.1750 T
4/3 Al + O2 -> 2/3 Al2O3    dG = -1124.8 + 0.2179 T
```